ಇಂಗು, ಕೋಷರ್, ಆರತಿ ತಟ್ಟೆ: ಹೋಮ್‌ಸ್ಟೇಗೆ ಫಾರಿನ್ ಗೆಸ್ಟ್ ಬರೋ ಮುಂಚೆ

ಪ್ರಶ್ನೆ: ಅಕ್ಕ ನಮಸ್ಕಾರ. ನಾವು ಮೂಲ ಧಾರವಾಡದ ಕಡೆಯವ್ರು, ಗೋವಾದ ಕಾಣಕೋಣ ಹತ್ರ ನಾಲ್ಕು ರೂಮಿನ ಹೋಮ್‌ಸ್ಟೇ ನಡೆಸ್ತೀವಿ. ಇಷ್ಟು ದಿನ ಬೆಂಗ್ಳೂರು, ಪುಣೆ ಗೆಸ್ಟ್‌ಗಳೇ ಜಾಸ್ತಿ. ಡಿಸೆಂಬರ್ ಕೊನೇ ವಾರ ಒಟ್ಟಿಗೇ ಮೂರು ಫಾರಿನ್ ಬುಕಿಂಗ್ ಬಂದಿದೆ. ಜರ್ಮನಿಯ ತಾಯಿ ಮಗಳು, ತಾಯಿ ವೀಗನ್, ಮಗಳಿಗೆ ಗ್ಲುಟೆನ್ ಆಗಲ್ವಂತೆ. ಒಂದು ಇಸ್ರೇಲ್ ಫ್ಯಾಮಿಲಿ, ಶುಕ್ರವಾರ ಬಂದು ಭಾನುವಾರ ಹೋಗ್ತಾರೆ, ಕೋಷರ್ ಅಂತ ಬರೆದಿದ್ದಾರೆ. ಮತ್ತೆ ವಯಸ್ಸಾದ ಜಪಾನಿ ದಂಪತಿ. ಅಡುಗೆ ನಮ್ಮತ್ತೆದು, ಅವ್ರಿಗೆ ಕನ್ನಡ, ಸ್ವಲ್ಪ ಕೊಂಕಣಿ ಬಿಟ್ರೆ ಬೇರೆ ಭಾಷೆ ಬರಲ್ಲ. ಊಟ ಹೇಗೆ ಮ್ಯಾನೇಜ್ ಮಾಡೋದು? ಬಂದ ತಕ್ಷಣ ಆರತಿ ಎತ್ತಿ ಕುಂಕುಮ ಇಡಬಹುದಾ?

ಉತ್ತರ: ಕೋಷರ್ ಅಂದ್ರೆ ಯಹೂದಿಗಳ ಊಟದ ನಿಯಮ, ಆ ಪದ ನೋಡಿ ನೀವು ಹೆದರಿದ್ದೀರಿ ಅನ್ಸುತ್ತೆ, ಆದ್ರೆ ಈ ಮೂರು ಬುಕಿಂಗಲ್ಲಿ ನಿಜವಾಗ್ಲೂ ತಲೆ ಕೆಡಿಸ್ಕೋಬೇಕಾಗಿರೋದು ಜರ್ಮನಿ ಹುಡುಗಿ ವಿಷಯದಲ್ಲಿ. ಕೋಷರ್‌ನವರು ತಮ್ಮ ನಿಯಮ ತಾವೇ ನೋಡ್ಕೊಂಡು ಬಂದಿರ್ತಾರೆ, ನೀವು ಸುಳ್ಳು ಹೇಳದೇ ಇದ್ರೆ ಸಾಕು. ಗ್ಲುಟೆನ್ ಹಾಗಲ್ಲ, ಅಲ್ಲಿ ಅತ್ತೆಯ ಒಗ್ಗರಣೆ ಡಬ್ಬಿಯಿಂದ್ಲೇ ಹುಷಾರು ತಪ್ಪಬಹುದು, ಅದೂ ಯಾರಿಗೂ ಗೊತ್ತಾಗದ ಹಾಗೆ.

ಇವತ್ತೇ ಅವ್ರಿಗೊಂದು ಮೆಸೇಜ್ ಹಾಕಿ. "ವೆಜ್ಜಾ ನಾನ್‌ವೆಜ್ಜಾ" ಅಂತ ಕೇಳೋ ನಮ್ಮ ಅಭ್ಯಾಸ ಇದೆಯಲ್ಲ, ಅದು ಇಲ್ಲಿ ಯಾವ ಕೆಲಸಕ್ಕೂ ಬರಲ್ಲ. ನಮ್ಮ ವೆಜ್‌ನಲ್ಲಿ ತುಪ್ಪ, ಮೊಸರು ಇರುತ್ತೆ, ವೀಗನ್‌ಗೆ ಎರಡೂ ಆಗಲ್ಲ. ಯುರೋಪಿನಲ್ಲಿ ವೆಜಿಟೇರಿಯನ್ ಅಂತ ಹೇಳ್ಕೊಳ್ಳೋ ಎಷ್ಟೋ ಜನ ಮೊಟ್ಟೆ ಆರಾಮಾಗಿ ತಿಂತಾರೆ. ಹಾಗಾಗಿ ಹೆಸರು ಹಿಡಿದು ಕೇಳಬೇಡಿ, ಪದಾರ್ಥ ಹಿಡಿದು ಕೇಳಿ: ಹಾಲು, ತುಪ್ಪ, ಮೊಸರು, ಜೇನು, ಮೊಟ್ಟೆ, ಮೀನು, ಸಿಗಡಿ, ಗೋಡಂಬಿ, ಶೇಂಗಾ, ಗೋಧಿ. ಒಂದೊಂದರ ಮುಂದೆ ತಿಂತೀರಾ ಇಲ್ವಾ ಅಂತ ಬರೆದು ಕಳಿಸಲಿ. ಹುಡುಗಿ ಬಗ್ಗೆ ಮಾತ್ರ ಒಂದು ಎಕ್ಸ್‌ಟ್ರಾ ಪ್ರಶ್ನೆ, ಇದು ಡಾಕ್ಟರ್ ಹೇಳಿರೋ ಸೀಲಿಯಾಕ್ ಕಾಯಿಲೆನಾ, ಅಥವಾ ಗೋಧಿ ತಿಂದ್ರೆ ಹೊಟ್ಟೆ ಭಾರ ಅಂತ ಅವ್ರೇ ಬಿಟ್ಟಿರೋದಾ. ಕೇಳೋಕೆ ಸಂಕೋಚ ಬೇಡ, ಜರ್ಮನ್ನರಿಗೆ ಇಂಥ ನೇರ ಪ್ರಶ್ನೆ ಕೇಳಿದ್ರೆ ಖುಷಿನೇ ಆಗುತ್ತೆ, ಇವ್ರಿಗೆ ವಿಷಯ ಗೊತ್ತಿದೆ ಅಂತ.

ಡಾಕ್ಟರ್ ಹೇಳಿದ್ದಲ್ಲ, ಅವ್ರೇ ಬಿಟ್ಟಿದ್ದು ಅಂದ್ರೆ ಚಪಾತಿ, ಪಾವ್, ಉಪ್ಪಿಟ್ಟು ಕೊಡದೇ ಇದ್ರೆ ಮುಗೀತು. ಸೀಲಿಯಾಕ್ ಅಂದ್ರೆ ಲೆಕ್ಕ ಬೇರೆ. ಗೋಧಿ, ಜವೆಗೋಧಿ, ರೈ ಈ ಮೂರು ಧಾನ್ಯದಲ್ಲಿರೋ ಗ್ಲುಟೆನ್ ಹೊಟ್ಟೆಗೆ ಹೋದ್ರೆ ಅವ್ರ ದೇಹ ತನ್ನ ಸಣ್ಣ ಕರುಳನ್ನೇ ಹಾಳು ಮಾಡ್ಕೊಳ್ಳೋಕೆ ಶುರು ಮಾಡುತ್ತೆ, ಅದಕ್ಕೆ ಮಾತ್ರೆ ಇಲ್ಲ, ತಿನ್ನದೇ ಇರೋದೊಂದೇ ದಾರಿ. ಎಷ್ಟು ಸಣ್ಣ ಪ್ರಮಾಣ ಅಂದ್ರೆ, ನಮ್ಮ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಗ್ಲುಟೆನ್ ಫ್ರೀ ಅಂತ ಪ್ಯಾಕೆಟ್ ಮೇಲೆ ಹಾಕ್ಬೇಕಂದ್ರೆ ಒಂದು ಕೆಜಿ ಪದಾರ್ಥದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ದಾಟಬಾರದು. ಚಪಾತಿ ಮಾಡಿದ ತವಾದಲ್ಲಿ ಹಾಗೇ ದೋಸೆ ಹುಯ್ದ್ರೆ ಅಷ್ಟು ಗೋಧಿಪುಡಿ ಆರಾಮಾಗಿ ಅಂಟ್ಕೊಂಡು ಬರುತ್ತೆ.

ಸೌತ್ ಇಂಡಿಯನ್ ಅಡುಗೆ ಅಂದ್ರೆ ಅಕ್ಕಿ ಉದ್ದು ತಾನೆ, ಸೇಫು ಅಂತ ಎಲ್ರೂ ಅಂದ್ಕೋತಾರೆ, ಗೆಸ್ಟ್‌ಗಳೂ ಇಂಟರ್ನೆಟ್ಟಲ್ಲಿ ಅದನ್ನೇ ಓದ್ಕೊಂಡು ಬರ್ತಾರೆ. ಹಾಳು ಮಾಡೋದು ಇಂಗು. ಅಂಗಡೀಲಿ ಸಿಗೋ ಪುಡಿ ಇಂಗು ಶುದ್ಧ ಇಂಗಲ್ಲ, ಶುದ್ಧ ಇಂಗಿನ ಘಾಟು ತಡೆಯೋಕಾಗಲ್ಲ ಅಂತ ಅದಕ್ಕೆ ಹಿಟ್ಟು, ಅಂಟು ಸೇರಿಸಿ ಹದ ಮಾಡಿರ್ತಾರೆ, ಆ ಹಿಟ್ಟು ಬಹಳಷ್ಟು ಬ್ರ್ಯಾಂಡ್‌ಗಳಲ್ಲಿ ಗೋಧಿದೇ. ಡಬ್ಬಿ ತಿರುಗಿಸಿ ಸಣ್ಣಕ್ಷರ ಓದಿ, ಅಲರ್ಜಿ ಮಾಹಿತಿಯಲ್ಲಿ ಗೋಧಿ ಇದೆ ಅಂತ ಹಾಕಿರ್ತಾರೆ. ಆ ಇಂಗು ಸಾರು, ಸಾಂಬಾರಿಗೆ ಅಷ್ಟೇ ಅಲ್ಲ ಹೋಗೋದು. ರೆಡಿಮೇಡ್ ಸಾಂಬಾರ್ ಪುಡಿ, ರಸಂ ಪುಡಿ, ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಎಲ್ಲದರಲ್ಲೂ ಕೂತಿರುತ್ತೆ.

ಪುಣೆಯ ಒಂದು ಗೆಸ್ಟ್‌ಹೌಸಿಗೆ ಸ್ಟಾಫ್ ಟ್ರೇನಿಂಗ್‌ಗೆ ಹೋದಾಗ ಇದೇ ಕೇಸ್ ನೋಡಿದ್ದೆ. ಸೀಲಿಯಾಕ್ ಇದ್ದ ಒಬ್ರು ಗೆಸ್ಟ್ ಬ್ರೆಡ್ ಮುಟ್ತಿರಲಿಲ್ಲ, ಚಪಾತಿ ಮುಟ್ತಿರಲಿಲ್ಲ, ದಿನಾ ಬೆಳಿಗ್ಗೆ ಇಡ್ಲಿ ಸಾಂಬಾರ್ ಮಾತ್ರ, ಆದ್ರೂ ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಉಬ್ಬರ, ಬೇಧಿ, ಸುಸ್ತು. ಎಲ್ರೂ ನೀರಿನ ಮೇಲೆ ಹಾಕಿದ್ರು, ಇಂಡಿಯಾಗೆ ಬಂದ ಫಾರಿನರ್‌ಗೆ ಹೊಟ್ಟೆ ಕೆಟ್ರೆ ನೀರೇ ಕಾರಣ ಅಂತ ನಮಗೂ ಅವ್ರಿಗೂ ಒಪ್ಪಂದ ಆಗ್ಬಿಟ್ಟಿದೆ. ಆದ್ರೆ ಅದೇ ಬಾಟಲ್ ನೀರು ಕುಡಿದ ಗಂಡನಿಗೆ ಏನೂ ಆಗ್ತಿರಲಿಲ್ಲ, ಮತ್ತೆ ಭಾನುವಾರ ಸಾಂಬಾರ್ ಇಲ್ದೆ ಬರೀ ಕಾಯಿಚಟ್ನಿ ಇದ್ದ ದಿನ ಅವ್ರು ಚೆನ್ನಾಗೇ ಇದ್ರು. ಅಲ್ಲಿಂದ ಸಾಂಬಾರ್ ಪುಡಿ ಪ್ಯಾಕೆಟ್ ತಿರುಗಿಸಿ ನೋಡಿದ್ರೆ ಇಂಗು, ಬ್ರ್ಯಾಕೆಟ್ಟಲ್ಲಿ ಗೋಧಿ ಹಿಟ್ಟು. ನಿಮ್ಮಲ್ಲೂ ಹೊಟ್ಟೆ ಕೆಟ್ರೆ ಹೀಗೇ ನೋಡಿ, ಜೊತೆಯವರಿಗೂ ಕೆಟ್ಟಿದೆಯಾ, ಯಾವ ಊಟ ಆದ ಮೇಲೆ ಕೆಟ್ಟಿತು. ಇದು ಶೇಂಗಾ ಅಲರ್ಜಿ ಥರ ತಿಂದ ಕೂಡಲೇ ಮುಖ ಊದಿಕೊಳ್ಳೋ ಕೇಸಲ್ಲ, ಕೆಲವು ಗಂಟೆ ಬಿಟ್ಟು ಬರಬಹುದು, ಕೆಲವರಿಗೆ ಹೊರಗೆ ಏನೂ ಕಾಣಿಸ್ದೆ ಒಳಗೇ ಹಾನಿ ಆಗ್ತಿರಬಹುದು. ಅದಕ್ಕೇ "ನಿನ್ನೆ ತಿಂದ್ರು, ಏನೂ ಆಗ್ಲಿಲ್ವಲ್ಲ" ಅನ್ನೋ ಮಾತಿಗೆ ಬೆಲೆ ಇಲ್ಲ.

ಇನ್ನೊಂದು, ನೀವು ಧಾರವಾಡದೋರು ಅಂತ ಹೇಳ್ತಿದೀನಿ, ಜೋಳದ ರೊಟ್ಟಿ ಕೊಡೋಣ ಅಂತ ಅತ್ತೆಗೆ ಖಂಡಿತ ಅನ್ಸುತ್ತೆ. ಜೋಳದಲ್ಲಿ ಗ್ಲುಟೆನ್ ಇಲ್ಲ, ಅದು ಸರಿ. ಆದ್ರೆ ಹಿಟ್ಟು ಎಲ್ಲಿ ಬೀಸಿಸಿದ್ದು? ಗಿರಣೀಲಿ ನಿಮ್ಮ ಮುಂದಿನವ್ರು ಗೋಧಿ ಬೀಸಿಸಿರ್ತಾರೆ, ಆ ಕಲ್ಲಲ್ಲಿ ಉಳಿದಿದ್ದು ನಿಮ್ಮ ಡಬ್ಬಿಗೆ ಬರುತ್ತೆ. ಊರಿಂದ ಬರೋ ಹಿಟ್ಟಿಗೂ ಇದೇ ಕಥೆ. ಗ್ಲುಟೆನ್ ಫ್ರೀ ಅಂತ ಲೇಬಲ್ ಇರೋ ಜೋಳದ ಹಿಟ್ಟಿನ ಪ್ಯಾಕೆಟ್ ಆ ಹುಡುಗಿಗೆ ಅಂತಲೇ ತಂದಿಡಿ, ಇಲ್ಲಾಂದ್ರೆ ಜೋಳ ಆರಿಸಿ ತೊಳೆದು ಒಣಗಿಸಿ, ಗೋಧಿ ಹಾಕದ ಮಿಕ್ಸಿ ಜಾರ್ ಇದ್ರೆ ಮನೇಲೇ ಪುಡಿ ಮಾಡಿ ಜರಡಿ ಹಿಡಿಯಿರಿ. ಆ ಜರಡೀನೂ ಹೊಸದು.

ತಾಯಿ ಮಗಳಿಗೆ ಬೇರೆ ಬೇರೆ ಅಡುಗೆ ಮಾಡಕ್ಕೆ ಹೋದ್ರೆ ಅತ್ತೆ ಸುಸ್ತಾಗ್ತಾರೆ. ನಾನಾಗಿದ್ರೆ ಇಬ್ರಿಗೂ ಒಂದೇ ಅಡುಗೆ ಮಾಡ್ತೀನಿ, ವೀಗನ್ನೂ ಆಗಿರ್ಬೇಕು, ಗೋಧಿನೂ ಇರಬಾರದು. ಮೊದಲ ದಿನ ಬೆಳಿಗ್ಗೆ ಹೇಗಿರುತ್ತೆ ನೋಡಿ. ಅಡುಗೆಮನೆ ಒರೆಸಿದ ಮೇಲೆ ಫಸ್ಟ್ ಇವ್ರ ತಿಂಡಿ, ಚಪಾತಿ ಹಿಟ್ಟಿನ ಡಬ್ಬ ಆಮೇಲೆ ತೆಗೀಬೇಕು, ಗೋಧಿ ಹಿಟ್ಟು ಗಾಳೀಲಿ ಹಾರಿ ಕೂರುತ್ತೆ. ಇಡ್ಲಿ, ಹಿಂದಿನ ರಾತ್ರಿ ಅಕ್ಕಿ ಉದ್ದು ರುಬ್ಬಿದ್ದು, ತಟ್ಟೆಗೆ ತುಪ್ಪದ ಬದಲು ತೆಂಗಿನೆಣ್ಣೆ ಸವರಿ. ಚಟ್ನಿ ಕಾಯಿ, ಹಸಿಮೆಣಸು, ಶುಂಠಿ, ಒಗ್ಗರಣೆ ತೆಂಗಿನೆಣ್ಣೇಲಿ ಸಾಸಿವೆ ಕರಿಬೇವು, ಇಂಗು ಇಲ್ಲ. ಮಧ್ಯಾಹ್ನಕ್ಕೆ ಅನ್ನ, ಇಂಗಿನ ಬದಲು ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ತೊವ್ವೆ, ಒಂದು ಪಲ್ಯ, ಸೋಲ್‌ಕಡಿ. ಸೋಲ್‌ಕಡಿ ಕೋಕಂ ಮತ್ತೆ ಕಾಯಿಹಾಲು, ಅದರಲ್ಲಿ ತೊಂದ್ರೆ ಇಲ್ಲ, ಆದ್ರೆ ಹೊರಗಿಂದ ತರಿಸಬೇಡಿ. ಗೋವಾದಲ್ಲಿ ಮೀನಿಗೆ ರವೆ ಹಚ್ಚಿ ಕರೀತಾರಲ್ಲ, ಅದೇ ಎಣ್ಣೇಲಿ ಇವ್ರ ಇಂಗಿಲ್ಲದ ಹಪ್ಪಳ, ಬಾಳೆಕಾಯಿ ಚಿಪ್ಸ್ ಹಾಕಬಾರದು, ರವೆ ಗೋಧಿನೇ, ಮೀನು ಬೇರೆ.

ಪಾತ್ರೆ ವಿಷಯಕ್ಕೆ ಸಿಂಪಲ್ ಉಪಾಯ, ಒಂದು ಚಿಕ್ಕ ಸ್ಟೀಲ್ ಬಾಣಲಿ, ಒಂದು ಹೊಸ ತವಾ, ಎರಡು ಸೌಟು ತಗೊಂಡು ಹಿಡಿಗೆ ಕೆಂಪು ಟೇಪ್ ಸುತ್ತಿ. ಕೆಂಪು ಟೇಪ್ ಇರೋದಕ್ಕೆ ಗೋಧಿ ತಾಗಬಾರದು ಅಂತ ಒಂದೇ ಮಾತಲ್ಲಿ ಅತ್ತೆಗೆ, ಕೆಲಸದ ಹುಡುಗಿಗೆ ಇಬ್ರಿಗೂ ಗೊತ್ತಾಗುತ್ತೆ. ಇನ್ನು ವೀಗನ್ ಸೋಲೋದು ಯಾವಾಗ್ಲೂ ಕೊನೇ ಕ್ಷಣದಲ್ಲಿ, ಎಲ್ಲ ಸರಿಯಾಗಿ ಮಾಡಿ ಬಡಿಸುವಾಗ ಅನ್ನದ ಮೇಲೆ ಒಂದು ಚಮಚ ತುಪ್ಪ ಬೀಳುತ್ತೆ, ಪ್ರೀತಿಯಿಂದ್ಲೇ. ಆ ಟೇಬಲ್ ಹತ್ರ ತುಪ್ಪದ ಬಟ್ಟಲು ಹೋಗದ ಹಾಗೆ ನೀವೇ ನೋಡ್ಕೊಳ್ಳಿ.

ಅತ್ತೆಗೆ ಇಂಗ್ಲಿಷ್ ಬರಲ್ಲ ಅನ್ನೋದು ನನ್ನ ಲೆಕ್ಕದಲ್ಲಿ ದೊಡ್ಡ ವಿಷಯವೇ ಅಲ್ಲ. ಕಷ್ಟ ಆಗೋದು ಗೆಸ್ಟ್ ಅವ್ರನ್ನೇ ನೇರ "ಇದರಲ್ಲಿ ಗೋಧಿ ಇದೆಯಾ" ಅಂತ ಕೇಳಿದಾಗ, ಅತ್ತೆ ನಗುತ್ತಾ ತಲೆ ಆಡಿಸ್ತಾರಲ್ಲ, ಆಗ. ನಾವು ಆ ಕಡೆ ಈ ಕಡೆ ತೂಗಿದ ತಲೆ ಅವ್ರಿಗೆ ಇದೆ ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ, ಒಬ್ಬೊಬ್ರು ಒಂದೊಂದು ಅರ್ಥ ಮಾಡ್ಕೋತಾರೆ. ಹಾಗಾಗಿ ಊಟದ ಪ್ರಶ್ನೆಗೆ ಉತ್ತರ ಕೊಡೋದು ಮನೇಲಿ ಒಬ್ರೇ, ಅದು ನೀವು, ಬೇರೆ ಯಾರನ್ನ ಕೇಳಿದ್ರೂ ಒಂದು ನಿಮಿಷ ಅಂತ ಬೆರಳು ತೋರಿಸಿ ನಿಮ್ಮನ್ನ ಕರೀಬೇಕು. ಸೀಲಿಯಾಕ್ ಇರೋರು ಹಲವರು ತಮ್ಮ ಕಾಯಿಲೆ ವಿವರ ಹಿಂದೀಲೋ ಇಂಗ್ಲಿಷಲ್ಲೋ ಬರೆದ ಕಾರ್ಡ್ ಇಟ್ಕೊಂಡು ಓಡಾಡ್ತಾರೆ. ಅದನ್ನ ಫೋಟೋ ಮಾಡ್ಕೊಂಡು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿ. ಟೇಬಲ್ ಮೇಲೆ ಪ್ರತಿ ಪಾತ್ರೆ ಮುಂದೆ ಒಂದು ಚೀಟಿ, ಪದಾರ್ಥದ ಹೆಸರು, ಏನೇನು ಹಾಕಿದೆ, ಖಾರ ಎಷ್ಟು ಅಂತ ಒಂದರಿಂದ ಮೂರು ಮೆಣಸಿನಕಾಯಿ ಚಿತ್ರ. ಮಾತಿಗಿಂತ ಚೀಟಿ ನಂಬಿಕೆಗೆ ಬರುತ್ತೆ, ಜಪಾನಿ ದಂಪತಿಗಂತೂ ಓದಿ ತಿಳ್ಕೊಳ್ಳೋದು ಕೇಳಿ ತಿಳ್ಕೊಳ್ಳೋದಕ್ಕಿಂತ ಸುಲಭ ಆಗಬಹುದು.

ಕೋಷರ್‌ಗೆ ಬರೋಣ. ನಮ್ಮದು ಪ್ಯೂರ್ ವೆಜ್ ಕಿಚನ್, ಆದ್ದರಿಂದ ಕೋಷರ್ ಥರಾನೇ ಅಂತ ದಯವಿಟ್ಟು ಬರೀಬೇಡಿ. ಹಂದಿ ಇಲ್ಲ, ಸಿಗಡಿ ಏಡಿ ಇಲ್ಲ, ಮಾಂಸ ಹಾಲು ಒಟ್ಟಿಗೆ ಇಲ್ಲ, ಇದಿಷ್ಟು ಸರಿ. ಆದ್ರೆ ಕಟ್ಟುನಿಟ್ಟಾಗಿ ಪಾಲಿಸೋರಿಗೆ ಪಾತ್ರೆ ಹಿಂದೆ ಯಾವುದಕ್ಕೆ ಬಳಸಿದ್ದು ಅನ್ನೋದೂ ಮುಖ್ಯ, ಸೊಪ್ಪಲ್ಲಿ ಒಂದು ಹುಳ ಉಳಿದಿದ್ರೂ ಆಗಲ್ಲ, ಯಹೂದಿ ಅಲ್ಲದವರು ಬೇಯಿಸಿದ ಅಡುಗೆಗೂ ಬೇರೆ ನಿಯಮ ಇದೆ, ಕೆಲವರು ಒಲೆ ಹಚ್ಚೋದಾದ್ರೂ ತಾವೇ ಹಚ್ಚಬೇಕು ಅಂತಾರೆ. ಇನ್ನೊಂದು ಕಡೆ ಅದೇ ದೇಶದಿಂದ ಬಂದು ಹಂದಿ, ಸಿಗಡಿ ಎರಡು ಬಿಟ್ರೆ ಎಲ್ಲ ತಿನ್ನೋರೂ ಇದ್ದಾರೆ, ಏನೂ ಬಿಡದೇ ತಿನ್ನೋರೂ ಇದ್ದಾರೆ. ನಮ್ಮಲ್ಲಿ ಮಡಿ ಮಾಡೋ ಅಜ್ಜಿ ಮತ್ತೆ ಹೊರಗೆ ಮೊಟ್ಟೆ ತಿನ್ನೋ ಮೊಮ್ಮಗ ಒಂದೇ ಮನೇಲಿ ಇರಲ್ವಾ, ಅಷ್ಟೇ ದೂರ. ಅದಕ್ಕೇ ಮೂರು ಪ್ರಶ್ನೆ ಕೇಳಿ: ನಮ್ಮ ಪಾತ್ರೇಲಿ ಮಾಡಿದ್ದು ತಿಂತೀರಾ, ನಾವು ಬೇಯಿಸಿದ್ದು ತಿಂತೀರಾ, ಶಬ್ಬಾತ್, ಅಂದ್ರೆ ಯಹೂದಿಗಳ ವಾರದ ವಿಶ್ರಾಂತಿ ದಿನ, ಪಾಲಿಸ್ತೀರಾ.

ಮೊದಲೆರಡಕ್ಕೆ ಇಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ಕೆಲಸ ಕಡಿಮೆ ಆಯ್ತು ಅಂದ್ಕೊಳ್ಳಿ. ಕತ್ತರಿಸದ ಹಣ್ಣು, ಎಳನೀರು, ಅವ್ರ ಕಣ್ಣೆದುರೇ ಪ್ಯಾಕ್ ಬಿಚ್ಚಿದ ಹೊಸ ಪಾತ್ರೆ, ಒಂದು ಇಂಡಕ್ಷನ್ ಒಲೆ, ಹಸಿ ಮೊಟ್ಟೆ, ತರಕಾರಿ ಇಷ್ಟು ಕೊಟ್ರೆ ಅವ್ರೇ ಮಾಡ್ಕೋತಾರೆ. ಸೀಸನ್ನಲ್ಲಿ ಗೋವಾದಲ್ಲಿ ಛಬಾದ್ ಅನ್ನೋ ಯಹೂದಿ ಸಂಸ್ಥೆಯ ಛಬಾದ್ ಹೌಸ್‌ಗಳು ನಡೀತವೆ, ಅಲ್ಲಿ ಕೋಷರ್ ಊಟ ಸಿಗುತ್ತೆ, ಅವ್ರಿಗೆ ಗೊತ್ತಿರುತ್ತೆ, ಯಾವ ಊರಲ್ಲಿ ಅಂತ ಕೇಳಿ ಗಾಡಿ ವ್ಯವಸ್ಥೆ ಮಾಡಿಕೊಟ್ರೆ ಸಾಕು. ನಮ್ಮ ಪಾತ್ರೆ ನಡೆಯುತ್ತೆ, ಮೀನು ಬೇಕು ಅಂದ್ರೆ ರೆಕ್ಕೆನೂ ಪೊರೆನೂ ಇರೋ ಮೀನು ಮಾತ್ರ. ಸಿಗಡಿ, ಏಡಿ, ಚಿಪ್ಪು, ಸ್ಕ್ವಿಡ್, ಶಾರ್ಕ್ ಯಾವುದೂ ಇಲ್ಲ. ಮೀನನ್ನ ಕತ್ತರಿಸಿ ತರಬೇಡಿ, ಪೊರೆ ಇರೋ ಹಾಗೆ ಇಡೀ ಮೀನು ತಂದು ತೋರಿಸಿ ಆಮೇಲೆ ಕ್ಲೀನ್ ಮಾಡಿ, ಯಾವ ಮೀನು ಅಂತ ಅವ್ರೇ ನೋಡ್ಕೋಬೇಕು.

ಮೂರನೇ ಪ್ರಶ್ನೆಗೆ ಹೌದು ಅಂದ್ರೆ ಶುಕ್ರವಾರ ನಿಮ್ಮ ಕೆಲಸ ಇದೆ. ಶಬ್ಬಾತ್ ಶುರುವಾಗೋದು ಶುಕ್ರವಾರ ಸೂರ್ಯ ಮುಳುಗುವಾಗ, ಮುಗಿಯೋದು ಶನಿವಾರ ಕತ್ತಲಾಗಿ ನಕ್ಷತ್ರ ಕಂಡ ಮೇಲೆ. ಆ ಹೊತ್ತಲ್ಲಿ ಅವ್ರು ಸ್ವಿಚ್ ಹಾಕಲ್ಲ ಆರಿಸಲ್ಲ, ಗಾಡಿ ಹತ್ತಲ್ಲ, ದುಡ್ಡು ಮುಟ್ಟಲ್ಲ, ಬರೆಯಲ್ಲ, ಒಲೆ ಹಚ್ಚಲ್ಲ. ಡಿಸೆಂಬರ್ ಕೊನೇಲಿ ಗೋವಾದಲ್ಲಿ ಸಂಜೆ ಸುಮಾರು 6 ಗಂಟೆಗೇ ಸೂರ್ಯ ಮುಳುಗ್ತಾನೆ, ದೀಪ ಹಚ್ಚೋದು ಅದಕ್ಕೂ ಮುಂಚೆ. ಫ್ಲೈಟ್ ಯಾವ ಏರ್‌ಪೋರ್ಟಿಗೆ ಅಂತ ಇವತ್ತೇ ಕೇಳಿ, ಯಾಕಂದ್ರೆ ಮೋಪಾ ಇರೋದು ಗೋವಾದ ಉತ್ತರದ ತುದೀಲಿ, ಪೆಡ್ನೆ ತಾಲೂಕಲ್ಲಿ, ನೀವಿರೋದು ದಕ್ಷಿಣದ ತುದೀಲಿ, ಹೆಚ್ಚುಕಮ್ಮಿ 100 ಕಿಲೋಮೀಟರ್. ಕ್ರಿಸ್‌ಮಸ್ ವಾರದ ಟ್ರಾಫಿಕ್ಕಲ್ಲಿ ಅದಕ್ಕೆ ಮೂರು ಗಂಟೆ ಇಟ್ಕೊಳ್ಳಿ. ಮಧ್ಯಾಹ್ನ 2ಕ್ಕೆ ಮೋಪಾದಲ್ಲಿ ಇಳಿದ್ರೆ ಲಗೇಜ್ ಎತ್ಕೊಂಡು ಹೊರಗೆ ಬರೋದೇ ಎರಡೂಮುಕ್ಕಾಲು, ನಿಮ್ಮನೆ ಬಾಗಿಲಿಗೆ ಐದೂಮುಕ್ಕಾಲು, ಅಂದ್ರೆ ತಡ ಆದ ಹಾಗೇ. ದಾಬೋಲಿ ಆದ್ರೆ ದಾರಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ, ಉಸಿರಾಡೋಕೆ ಟೈಮಿರುತ್ತೆ. ತಡ ಆಗೋ ಹಾಗಿದ್ರೆ ಮೊದ್ಲೇ ಹೇಳಿ, ಶನಿವಾರ ರಾತ್ರಿಗೆ ಬುಕಿಂಗ್ ಬದಲಾಯಿಸ್ಕೊಂಡಾರು, ಅರ್ಧ ದಾರೀಲಿ ಸೂರ್ಯ ಮುಳುಗಿದ್ರೆ ಅವ್ರ ಪರದಾಟ ನೋಡೋಕಾಗಲ್ಲ.

ಅವ್ರು ಬರೋ ಮುಂಚೆ ಬಾತ್‌ರೂಮ್ ಲೈಟ್ ಹಾಕಿ ಬಿಡಿ, ರೂಮಿನ ಫ್ಯಾನು ಎಸಿ ಹೇಗಿರಬೇಕು ಅಂತ ಕೇಳಿ ಸೆಟ್ ಮಾಡಿ, ವರಾಂಡದಲ್ಲಿ ಜನ ಓಡಾಡಿದ್ರೆ ತಾನೇ ಹತ್ಕೊಳ್ಳೋ ಲೈಟ್ ಇದ್ರೆ ಆ ಎರಡು ದಿನ ಬಂದ್ ಮಾಡಿ. ಫ್ರಿಜ್ ಬಾಗಿಲು ತೆಗೆದ್ರೆ ಹತ್ತೋ ಬಲ್ಬನ್ನೂ ಬಿಚ್ಚಿಡಿ. ಅವ್ರು ಮೇಣದ ದೀಪ ಹಚ್ತಾರೆ, ಅದನ್ನ ಆರಿಸೋ ಹಾಗಿಲ್ಲ, ತಾನಾಗೇ ಆರಬೇಕು, ಆದ್ದರಿಂದ ಪರದೆಯಿಂದ ದೂರ ಒಂದು ಅಗಲ ಸ್ಟೀಲ್ ಪರಾತ ಇಟ್ಟು ಜಾಗ ತೋರಿಸಿ. ಶನಿವಾರ ಅವ್ರು ನಿಮ್ಮನ್ನ "ಲೈಟ್ ಹಾಕಿ" ಅಂತ ನೇರ ಕೇಳದೇ ಇರಬಹುದು, ಹಾಗೆ ಬೇರೆಯವರ ಕೈಲಿ ಮಾಡಿಸೋದಕ್ಕೂ ನಿಯಮ ಇದೆ, "ರೂಮು ಕತ್ತಲಾಗಿದೆ" ಅಂತ ಸುಮ್ನೆ ಹೇಳಿದ್ರೆ ಅರ್ಥ ಮಾಡ್ಕೊಳ್ಳಿ. ಹಿಂದೆ ಹಿಂದೆ ಹೋಗಿ ಏನಾದ್ರೂ ಬೇಕಾ ಅಂತ ಕೇಳ್ತಾ ಇರಬೇಡಿ.

ಆರತಿ ಕುಂಕುಮ. ಸೀದಾ ಹೇಳ್ತೀನಿ, ನನಗೆ ಈ ಆರತಿ ಸ್ವಾಗತ ಅಷ್ಟು ಇಷ್ಟ ಇಲ್ಲ, ಸ್ಟಾರ್ ಹೋಟೆಲ್‌ನವರು ಫೋಟೋಗೆ ಶುರು ಮಾಡಿದ್ದು ಈಗ ಹೋಮ್‌ಸ್ಟೇಗೂ ಬಂದಿದೆ. ಹತ್ತು ಹದಿನೈದು ಗಂಟೆ ಪ್ರಯಾಣ ಮಾಡಿ ಬಂದವರಿಗೆ ಮೊದಲು ಬೇಕಾಗಿರೋದು ಟಾಯ್ಲೆಟ್ಟು, ನೀರು. ಅದು ಬಿಡಿ, ಹಣೆ ಮುಟ್ಟಿ ಕುಂಕುಮ ಇಡೋದು ಬೇರೆ ಧರ್ಮದ ಪೂಜೆಯಲ್ಲಿ ಪಾಲ್ಗೊಂಡ ಹಾಗೆ ಅಂತ ಧಾರ್ಮಿಕ ಯಹೂದಿಗಳಿಗೆ, ಮುಸ್ಲಿಮರಿಗೆ ಅನ್ಸಬಹುದು, ಬೇಡ ಅನ್ನೋಕೆ ಅವ್ರಿಗೂ ಮುಜುಗರ. ಬಾಗಿಲಲ್ಲಿ ನಿಂತು ಕೈ ಮುಗಿದು ನಮಸ್ಕಾರ ಅನ್ನಿ, ಮೂರು ಫ್ಯಾಮಿಲಿಗೂ ಅದೊಂದೇ ಸಾಕು. ಇದರಲ್ಲಿ ದೊಡ್ಡ ಅನುಕೂಲ ಏನು ಗೊತ್ತಾ, ಯಾರನ್ನೂ ಮುಟ್ಟೋ ಹಾಗಿಲ್ಲ. ಕಟ್ಟಾ ಧಾರ್ಮಿಕ ಯಹೂದಿ ಗಂಡಸು ಪರಸ್ತ್ರೀ ಕೈ ಕುಲುಕಲ್ಲ, ಹೆಂಗಸೂ ಪರಪುರುಷನ ಕೈ ಕುಲುಕಲ್ಲ. ನಿಮ್ಮೆಜಮಾನ್ರು ಅಭ್ಯಾಸ ಬಲದಿಂದ ಆ ಮೇಡಂಗೆ ಕೈ ಚಾಚಿ, ಅವ್ರು ಹಿಂದೆ ಸರಿದು, ಇಬ್ರಿಗೂ ಮುಖ ಸಣ್ಣದಾಗೋದು ಯಾಕೆ. ಅವ್ರಾಗೇ ಕೈ ಚಾಚಿದ್ರೆ ಕೊಡಿ, ಜರ್ಮನಿಯವರು ಖಂಡಿತ ಚಾಚ್ತಾರೆ, ಗಟ್ಟಿಯಾಗಿ ಒಂದ್ಸಲ ಕುಲುಕಿ ಬಿಡ್ತಾರೆ. ಜಪಾನಿಯವರು ಬಾಗ್ತಾರೆ, ನೀವು ಕೈ ಮುಗಿದೇ ಸ್ವಲ್ಪ ತಲೆ ಬಾಗಿಸಿದ್ರೆ ಆಯ್ತು, ಅವ್ರಷ್ಟೇ ಬಾಗಬೇಕು ಅಂತೇನಿಲ್ಲ. ಅವ್ರ ಹೆಸರಿನ ಕೊನೆಗೆ "ಸಾನ್" ಸೇರಿಸಿ ಕರೆಯಿರಿ, ನಮ್ಮ "ಅವರೇ" ಇದ್ದ ಹಾಗೆ, ಪಾಸ್‌ಪೋರ್ಟ್ ವಾಪಸ್ ಕೊಡುವಾಗ ಎರಡೂ ಕೈಲಿ ಕೊಡಿ. ಚಪ್ಪಲಿ ಹೊರಗೆ ಬಿಡಿ ಅಂತ ಅವ್ರಿಗೆ ಹೇಳೋದೇ ಬೇಡ, ಅವ್ರ ಮನೇಲೂ ಅದೇ ಪದ್ಧತಿ.

ಬಾಗಿಲಲ್ಲಿ ಇನ್ನೊಂದು ವಿಷಯ ಇದೆ, ಇದನ್ನ ಯಾರೂ ಯೋಚನೆ ಮಾಡಲ್ಲ. ನಿಮ್ಮ ಹೊಸ್ತಿಲ ಮೇಲೆ, ಬಾಗಿಲ ಪಟ್ಟೀಲಿ, ದೀಪಾವಳಿ ಸ್ಟಿಕ್ಕರಲ್ಲಿ ಸ್ವಸ್ತಿಕ ಇದೆಯಾ? ಇದ್ದೇ ಇರುತ್ತೆ. ಜರ್ಮನಿಯಲ್ಲಿ ನಾಜಿ ಸ್ವಸ್ತಿಕ ಸಾರ್ವಜನಿಕವಾಗಿ ತೋರಿಸೋದು ಕಾನೂನು ಪ್ರಕಾರ ಅಪರಾಧ. ಆ ಚಿಹ್ನೆ ಕೆಳಗೆ ಸುಮಾರು 60 ಲಕ್ಷ ಯಹೂದಿಗಳನ್ನ ಕೊಂದಿದ್ದಾರೆ, ನಿಮ್ಮ ಇಸ್ರೇಲ್ ಗೆಸ್ಟ್ ಮನೇಲಿ ಅಜ್ಜನೋ ಅಜ್ಜಿನೋ ಅದರಲ್ಲಿ ಹೋಗಿರಬಹುದು. ಜಪಾನಿ ದಂಪತಿಗೆ ಮಾತ್ರ ಏನೂ ಅನ್ಸಲ್ಲ, ಅವ್ರ ದೇಶದ ಮ್ಯಾಪಲ್ಲಿ ಬೌದ್ಧ ದೇವಸ್ಥಾನಕ್ಕೆ ಇಂಥದ್ದೇ ಗುರುತು. ತೆಗೆದು ಹಾಕಿ ಅಂತ ನಾನು ಹೇಳಲ್ಲ, ಅದು ನಿಮ್ಮನೆ, ನಿಮ್ಮ ದೇವರು. ಗೆಸ್ಟ್ ರೂಮಿನ ಬಾಗಿಲ ಮೇಲಿರೋ ಸ್ಟಿಕ್ಕರ್ ತೆಗೀರಿ, ಅಲ್ಲಿ ಅದರ ಅಗತ್ಯ ಇಲ್ಲ. ಹೊಸ್ತಿಲ ಮೇಲಿನದು ಇರಲಿ, ಒಳಗೆ ಕರೆಯುವಾಗ ನೀವಾಗೇ ಒಂದು ಮಾತು ಹೇಳಿ, ಇದು ನಮ್ಮಲ್ಲಿ ಸಾವಿರಾರು ವರ್ಷದಿಂದ ಶುಭದ ಗುರುತು, ನಿಮ್ಮಲ್ಲಿ ಇದಕ್ಕೆ ಬೇರೆ ನೆನಪಿದೆ ಅಂತ ನಮಗೆ ಗೊತ್ತಿದೆ ಅಂತ. ಅವ್ರು ನೋಡಿ ಗಾಬರಿ ಆಗೋ ಮುಂಚೆ ಹೇಳ್ಬೇಕು, ಆಮೇಲೆ ಹೇಳಿದ್ರೆ ಸಮಜಾಯಿಷಿ ಕೊಟ್ಟ ಹಾಗೆ ಕಾಣುತ್ತೆ.

ಊಟಕ್ಕೆ ಕೂತಾಗ ಬಡಿಸೋ ವಿಷಯಕ್ಕೆ ಅತ್ತೆ ಜೊತೆ ಸ್ವಲ್ಪ ಮಾತಾಡಿ. ನಮ್ಮಲ್ಲಿ ಮೊದಲ ಬೇಡ ಲೆಕ್ಕಕ್ಕಿಲ್ಲ, ಎರಡನೇ ಬೇಡ ಮರ್ಯಾದೆಗೆ, ಮೂರನೇ ಸಲ ಎಲೆಗೆ ಕೈ ಅಡ್ಡ ಹಿಡಿದ್ರೆ ಆಗ ನಿಜ. ಜರ್ಮನಿಯವರು ಒಂದ್ಸಲ ಬೇಡ ಅಂದ್ರೆ ಬೇಡ, ಕೋಪಾನೂ ಅಲ್ಲ, ಅಡುಗೆ ಚೆನ್ನಾಗಿಲ್ಲ ಅಂತಾನೂ ಅಲ್ಲ. ಜಪಾನಿಯವರದ್ದು ಉಲ್ಟಾ ಕಷ್ಟ. ತಟ್ಟೇಲಿ ಅನ್ನ ಬಿಡೋದು ಅವ್ರಿಗೆ ತಪ್ಪು, ಹಾಗಾಗಿ ಹೊಟ್ಟೆ ತುಂಬಿದ್ರೂ ಖಾಲಿ ಮಾಡ್ತಾರೆ, ಖಾಲಿ ತಟ್ಟೆ ನೋಡಿದ ತಕ್ಷಣ ಅತ್ತೆ ಇನ್ನೊಂದು ಸೌಟು ಹಾಕ್ತಾರೆ, ಅದನ್ನೂ ಖಾಲಿ ಮಾಡ್ತಾರೆ, ಇಬ್ರೂ ಮರ್ಯಾದೆಯಿಂದ್ಲೇ ನಡ್ಕೊಂಡು ಕೊನೆಗೆ ಆ ಯಜಮಾನ್ರು ರಾತ್ರಿ ಎಲ್ಲ ಹೊಟ್ಟೆ ಹಿಡ್ಕೊಂಡು ಕೂರ್ತಾರೆ. ಪಾತ್ರೆ ಎಲ್ಲ ಟೇಬಲ್ ಮಧ್ಯ ಇಟ್ಟು ಅವ್ರವ್ರೇ ಹಾಕ್ಕೊಳ್ಳಲಿ ಅಂತ ಬಿಟ್ಟುಬಿಡಿ. ಗ್ಲುಟೆನ್ ಹುಡುಗಿ ಪಾತ್ರೆ ಮಾತ್ರ ಬೇರೆ ಟೇಬಲ್, ಬೇರೆ ಸೌಟು, ಯಾರೋ ಪಾವ್ ಹಿಡಿದ ಕೈಲೇ ಅದೇ ಚಮಚ ಎತ್ತಿದ್ರೆ ನೀವು ಬೆಳಿಗ್ಗೆಯಿಂದ ಮಾಡಿದ್ದೆಲ್ಲ ನೀರಿಗೆ ಹೋದಂಗೆ.

ಜಪಾನಿಯವರನ್ನ ಎಲ್ಲ ಸರಿಯಿದೆಯಾ ಅಂತ ಕೇಳಿದ್ರೆ ಉತ್ತರ ಯಾವಾಗ್ಲೂ ನಗು, ತಲೆ ಆಡಿಸೋದು. ನೀವು ಹೇಳಿದ್ದು ಕೇಳಿಸ್ತು ಅನ್ನೋಕೂ ಅವ್ರು ತಲೆ ಆಡಿಸ್ತಾರೆ, ಒಪ್ಪಿಗೆ ಅಂತಲೇ ಅಲ್ಲ. ಗೀಸರ್ ಕೆಟ್ಟಿದ್ರೂ ಹೇಳದೇ ಇರಬಹುದು. ಅದಕ್ಕೆ ಹೌದು ಅಲ್ಲ ಅಂತ ಉತ್ತರ ಬರೋ ಪ್ರಶ್ನೆ ಬಿಟ್ಟು ಆಯ್ಕೆ ಕೊಡಿ, ನಾಳೆ ತಿಂಡಿ ಏಳಕ್ಕಾ ಎಂಟಕ್ಕಾ, ಸಾರು ಇಷ್ಟೇ ಖಾರ ಇರಲಾ ಅರ್ಧ ಮಾಡಲಾ, ದಿಂಬು ಒಂದಾ ಎರಡಾ. ಆಯ್ಕೆ ಇದ್ರೆ ಆರಿಸೋಕೆ ಅವ್ರಿಗೆ ಮುಜುಗರ ಇಲ್ಲ. ಉತ್ತರಕ್ಕೆ ಮುಂಚೆ ಅವ್ರು ಉಸಿರೆಳೆದುಕೊಂಡು ತಲೆ ಓರೆ ಮಾಡಿ ಸುಮ್ನಾದ್ರೆ ಅದು ಬೇಡ ಅಂತ, ಒತ್ತಾಯ ಮಾಡಬೇಡಿ. ಬಿಸಿನೀರು ಅವ್ರಿಗೆ ತುಂಬಾ ಮುಖ್ಯ, ಬರೋ ದಿನ ಬೆಳಿಗ್ಗೆ ನೀವೇ ನಲ್ಲಿ ತಿರುಗಿಸಿ ನೋಡಿ.

ಇನ್ನು ಮದುವೆ ಆಗಿದೆಯಾ, ಮಕ್ಕಳೆಷ್ಟು, ಸಂಬಳ ಎಷ್ಟು ಅನ್ನೋ ಪ್ರಶ್ನೆಗಳು ಮೊದಲ ದಿನ ಬೇಡ. ಇಸ್ರೇಲ್‌ನವರಾದ್ರೆ ಅವ್ರೇ ನಿಮ್ಮನ್ನ ಅದನ್ನೆಲ್ಲ ಕೇಳಬಹುದು, ಬಾಡಿಗೆಗೆ ಚೌಕಾಸಿ ಬೇರೆ ಮಾಡಬಹುದು, ಸ್ವಲ್ಪ ಜೋರಾಗಿ, ಅದು ಜಗಳ ಅಲ್ಲ. ಆದ್ರೆ ಆ ಚೌಕಾಸಿ, ಬಿಲ್ಲು, ಪಾಸ್‌ಪೋರ್ಟ್ ಎಂಟ್ರಿ, ರಿಜಿಸ್ಟರ್ ಸಹಿ ಎಲ್ಲ ಶುಕ್ರವಾರ ಅವ್ರು ಬಂದ ಕೂಡಲೇ ಸೂರ್ಯ ಮುಳುಗೋ ಮುಂಚೆ ಮುಗಿಸಿಬಿಡಿ. ಭಾನುವಾರದ ಟ್ಯಾಕ್ಸಿನೂ ಆಗಲೇ ಫಿಕ್ಸ್ ಮಾಡಿ, ಶನಿವಾರ ಹಗಲು ಫೋನ್ ಮಾಡಿ ಡ್ರೈವರ್ ಹತ್ರ ಮಾತಾಡಿ ಅಂದ್ರೆ ಅವ್ರು ಫೋನ್ ಮುಟ್ಟಲ್ಲ.